ಪೊಟ್ಯಾಸಿಯಂ ಪರ್ಮಾಂಗನೇಟ್ – ಆಕ್ಸಾಲಿಕ್ ಆಮ್ಲ ಟೈಟ್ರೇಷನ್: ಬೆಂಚಿನ ಮೇಲಿಡುವ ಚೆಕ್‌ಲಿಸ್ಟ್

ದ್ವಿತೀಯ ಪಿಯು ರಸಾಯನಶಾಸ್ತ್ರ, 16 ವಿದ್ಯಾರ್ಥಿಗಳ ಬ್ಯಾಚ್. ಕೈಪಿಡಿಯಲ್ಲಿರುವ ಸಿದ್ಧಾಂತವನ್ನು ಮನೆಯಲ್ಲೇ ಓದಿಕೊಂಡು ಬನ್ನಿ. ಇಲ್ಲಿರುವುದು ಕೈಕೆಲಸ ಮಾತ್ರ.

ಹಿಂದಿನ ದಿನ (ಲ್ಯಾಬ್ ಸಹಾಯಕರು)
☐ 0.02 M KMnO₄, 2 ಲೀ: 6.32 ಗ್ರಾಂ. ಗಾಜಿನ ಉಣ್ಣೆಯಲ್ಲಿ ಸೋಸಿ ಕಂದು ಬಾಟಲಿಗೆ. ಸೋಸುಕಾಗದ ಬೇಡ, ಪರ್ಮಾಂಗನೇಟ್ ಅದರೊಂದಿಗೇ ವರ್ತಿಸುತ್ತದೆ.
☐ 0.05 M ಆಕ್ಸಾಲಿಕ್ ಆಮ್ಲ (ಹರಳು, H₂C₂O₄·2H₂O), 2 ಲೀ: 12.6 ಗ್ರಾಂ.
☐ 2 M H₂SO₄, 1 ಲೀ: ಸುಮಾರು 110 ಮಿಲೀ ಸಾಂದ್ರ ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಿರಿ. ಆಮ್ಲಕ್ಕೆ ನೀರು ಎಂದೂ ಹಾಕಬೇಡಿ.

ಒಬ್ಬರಿಗೆ ಬೇಕಾದ್ದು
☐ ಗಾಜಿನ ತಿರುಪಿನ 50 ಮಿಲೀ ಬ್ಯುರೆಟ್ (ರಬ್ಬರ್ ಟ್ಯೂಬಿನದ್ದು ಬೇಡ, ಪರ್ಮಾಂಗನೇಟ್ ರಬ್ಬರನ್ನು ತಿನ್ನುತ್ತದೆ), ಸ್ಟ್ಯಾಂಡ್
☐ 20 ಮಿಲೀ ಪಿಪೆಟ್, ರಬ್ಬರ್ ಬಲ್ಬ್
☐ ಕೋನಿಕಲ್ ಫ್ಲಾಸ್ಕ್, ಫನಲ್, ಬಿಳಿ ಟೈಲ್, ಬರ್ನರ್, ತ್ರಿಪಾದಿ, ತಂತಿಬಲೆ

ಸುರಕ್ಷತೆ
☐ ಕೋಟ್, ಕನ್ನಡಕ.
☐ ಆಕ್ಸಾಲಿಕ್ ಆಮ್ಲ ವಿಷ. ಬಾಯಿಂದ ಪಿಪೆಟ್ ಎಳೆಯುವಂತಿಲ್ಲ. ಇದಕ್ಕೆ ರಿಯಾಯಿತಿ ಇಲ್ಲ.
☐ ಬಿಸಿ ಫ್ಲಾಸ್ಕಿನ ಕುತ್ತಿಗೆಯನ್ನು ಮಡಚಿದ ಕಾಗದದ ಪಟ್ಟಿಯಿಂದ ಹಿಡಿಯಿರಿ.
☐ ಆಮ್ಲ ಚೆಲ್ಲಿದರೆ ಕೂಡಲೇ ಧಾರಾಳ ನೀರು, ಆಮೇಲೆ ಉಪನ್ಯಾಸಕರಿಗೆ ತಿಳಿಸಿ.

ಹಂತಗಳು
☐ 1. ಬ್ಯುರೆಟ್ ಅನ್ನು KMnO₄ನಿಂದ, ಪಿಪೆಟ್ ಅನ್ನು ಆಕ್ಸಾಲಿಕ್ ಆಮ್ಲದಿಂದ ತೊಳೆಯಿರಿ. ಫ್ಲಾಸ್ಕ್‌ಗೆ ನೀರು ಮಾತ್ರ: ಅದರಲ್ಲಿ ಆಮ್ಲದ ಹನಿ ಉಳಿದರೂ ರೀಡಿಂಗ್ ಹೆಚ್ಚುತ್ತದೆ.
☐ 2. ಬ್ಯುರೆಟ್ ತುಂಬಿ. ತುದಿಯ ಗಾಳಿಗುಳ್ಳೆ ಹೊರಹಾಕಿ, ಫನಲ್ ತೆಗೆದಿಡಿ.
☐ 3. ಫ್ಲಾಸ್ಕ್‌ಗೆ 20 ಮಿಲೀ ಆಕ್ಸಾಲಿಕ್ ಆಮ್ಲ, 10 ಮಿಲೀ H₂SO₄. ಬದಲಿಗೆ HCl ಹಾಕಿದರೆ ಅದೇ ಕ್ಲೋರಿನ್ ಆಗಿ ಪರ್ಮಾಂಗನೇಟನ್ನು ಖರ್ಚುಮಾಡುತ್ತದೆ. HNO₃ ತಾನೇ ಉತ್ಕರ್ಷಣಕಾರಿ.
☐ 4. 60–70 °C ವರೆಗೆ ಕಾಯಿಸಿ, ಕುದಿಸಬೇಡಿ.
☐ 5. ಬಿಸಿಯಿರುವಾಗಲೇ, ಫ್ಲಾಸ್ಕ್ ತಿರುಗಿಸುತ್ತ, ಹನಿಹನಿಯಾಗಿ ಬಿಡಿ. ಮೊದಲ ಹನಿಗಳ ಬಣ್ಣ ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಿರಿ. Mn²⁺ ಹುಟ್ಟಿದ ಮೇಲೆ ಅದೇ ವೇಗವರ್ಧಕ, ಬಣ್ಣ ಥಟ್ಟನೆ ಹೋಗುತ್ತದೆ.
☐ 6. ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ಅದೇ ಅಂತ್ಯಬಿಂದು. ಗಾಢ ಗುಲಾಬಿಯಾದರೆ ದಾಟಿಹೋಯಿತು, ಆ ರೀಡಿಂಗ್ ಬಿಡಿ.
☐ 7. ದ್ರಾವಣ ಗಾಢವಾದ್ದರಿಂದ ಮೇಲಂಚನ್ನೇ ಓದಿ, ಆರಂಭಕ್ಕೂ ಕೊನೆಗೂ.
☐ 8. ಒಂದು ಸ್ಥೂಲ ರೀಡಿಂಗ್ ಆದ ಮೇಲೆ ಮೂರು ಹೊಂದುವ ರೀಡಿಂಗ್. ಎರಡಾದ ಮೇಲೆ ಬ್ಯುರೆಟ್ ಮತ್ತೆ ತುಂಬಿ.

ಕಂದು ಬಣ್ಣ ಬಂದರೆ: ಅದು MnO₂. ಆಮ್ಲ ಕಡಿಮೆಯಾಗಿದೆ, ಫ್ಲಾಸ್ಕ್ ಆರಿದೆ, ಇಲ್ಲವೇ ಅವಸರದಲ್ಲಿ ಸುರಿದಿದ್ದೀರಿ. ಸರಿಪಡಿಸಲು ಹೋಗದೆ ಚೆಲ್ಲಿ, 3ರಿಂದ ಶುರುಮಾಡಿ.

ಲೆಕ್ಕ: 2 KMnO₄ಗೆ 5 ಆಕ್ಸಾಲಿಕ್ ಆಮ್ಲ. ರೀಡಿಂಗ್ 20.4 ಮಿಲೀ ಆದರೆ (2 × 0.05 × 20) ÷ (5 × 20.4) = 0.0196 M, 158ರಿಂದ ಗುಣಿಸಿದರೆ ಲೀಟರಿಗೆ 3.10 ಗ್ರಾಂ. 2 ಮತ್ತು 5 ಅದಲುಬದಲಾದರೆ ಉತ್ತರ ಆರು ಪಟ್ಟಿಗಿಂತ ಹೆಚ್ಚು ಬರುತ್ತದೆ, 0.02ರ ಸುತ್ತಮುತ್ತ ಇಲ್ಲದಿದ್ದರೆ ಮೊದಲು ಅದನ್ನೇ ನೋಡಿ.

ಕೊನೆಗೆ
☐ ಬ್ಯುರೆಟ್ ಕಂದಾಗಿದ್ದರೆ ಉಳಿದ ಆಕ್ಸಾಲಿಕ್ ಆಮ್ಲಕ್ಕೆ ಸ್ವಲ್ಪ H₂SO₄ ಸೇರಿಸಿ ತೊಳೆದು, ಆಮೇಲೆ ನೀರಿನಿಂದ ತೊಳೆಯಿರಿ.
☐ ತಿರುಪು ತೆರೆದು, ಬ್ಯುರೆಟ್ ತಲೆಕೆಳಗಾಗಿ ಸಿಕ್ಕಿಸಿ.
☐ ಗ್ಯಾಸ್ ಬಂದ್, ಕೈ ಸೋಪಿನಿಂದ.