ಮೂವತ್ತನಾಲ್ಕು

ಕಂಪ್ಯೂಟರ್ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು. ಹಸಿರು ದೀಪ ಹತ್ತಿತು. ಆಮೇಲೆ ಉದ್ದನೆಯ ಒಂದು ಬೀಪ್. ಸ್ವಲ್ಪ ಬಿಟ್ಟು ಇನ್ನೊಂದು. ಪರದೆ ಮಾತ್ರ ಕಪ್ಪಗೇ ಇತ್ತು.

ಮೇಷ್ಟ್ರು ಆರಿಸಿ ಮತ್ತೆ ಹಾಕಿದರು. ಅದೇ ಬೀಪ್. ಮೂರನೇ ಸಲ ಹಾಕುವ ಮೊದಲು ಡಬ್ಬಿಯ ತಲೆ ಮೇಲೆ ಒಂದು ಏಟು ಕೊಟ್ಟರು. ಮಕ್ಕಳಿಗೆ ಹೊಡೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಇದು ಆ ಲೆಕ್ಕಕ್ಕೆ ಬರುವುದಿಲ್ಲ ಅಂದುಕೊಂಡಿರಬೇಕು.

ರಾತ್ರಿ ಒಂಬತ್ತು ಗಂಟೆ. ಶಾಲೆಯಲ್ಲಿ ಅವರೊಬ್ಬರೇ. ಬೆಳಿಗ್ಗೆ ಹತ್ತಕ್ಕೆ ಫಲಿತಾಂಶ ಹಚ್ಚಬೇಕು. 46 ಮಕ್ಕಳ ಅಂಕಗಳು, ಆರೂ ವಿಷಯದ್ದು, ಆ ಡಬ್ಬಿಯೊಳಗಿದ್ದವು. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ ಅಂತ ಅಣ್ಣನ ಮಗ ಗಿರೀಶ ಎರಡು ವರ್ಷದಿಂದ ಹೇಳುತ್ತಿದ್ದ. ಪೆನ್‌ಡ್ರೈವ್ ಏನೋ ಇತ್ತು. ಅದರ ತುಂಬ ಭಜನೆಗಳಿದ್ದವು.

ಗಿರೀಶನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ರಾತ್ರಿ ಪಾಳಿ ಇರಬೇಕು.

ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಬೀರುವಿನ ಬಾಗಿಲು ತೆಗೆದು ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಳಿಸಿದರು. 276 ಪತ್ರಿಕೆ. ಉದ್ದನೆಯ ಹಾಳೆಗೆ ಗೆರೆ ಹಾಕಿದರು. ಮೊದಲೆಲ್ಲ ಹೀಗೇ ಮಾಡುತ್ತಿದ್ದದ್ದು. ಕಂಪ್ಯೂಟರ್ ಬಂದ ಮೇಲೆ ಈ ಕೆಲಸ ತಪ್ಪಿತು. ಜಗಳವೂ ತಪ್ಪಿತು. ಅಂಕ ಕಮ್ಮಿ ಬಂತು ಅಂತ ಯಾರಾದರೂ ಬಂದರೆ ಮೇಷ್ಟ್ರು ಪರದೆಯನ್ನು ಅವರ ಕಡೆ ತಿರುಗಿಸುತ್ತಿದ್ದರು. "ನೋಡಿ, ಇದರಲ್ಲೇ ಇದೆ. ಇದು ತಪ್ಪು ಲೆಕ್ಕ ಮಾಡಲ್ಲ." ಎದುರಿಗಿದ್ದವರು ತಲೆ ಅಲ್ಲಾಡಿಸಿ ಹೋಗುತ್ತಿದ್ದರು.

ಕೂಡುವುದು ಮರೆತಿರಲಿಲ್ಲ. ಮೊದಲ ಹತ್ತು ಮಕ್ಕಳಿಗೆ ಒಂದೂವರೆ ಗಂಟೆ ಹಿಡಿಯಿತು, ಆಮೇಲೆ ಕೈ ಓಡತೊಡಗಿತು. ಹನ್ನೆರಡೂವರೆಗೆ ಮೂವತ್ತೊಂದನೇ ಹೆಸರಿಗೆ ಬಂದಾಗ ಫೋನ್ ಬಡಿದುಕೊಂಡಿತು.

"ಚಿಕ್ಕಪ್ಪ, ಏನಾಯ್ತು? ಆರು ಸಲ ಮಾಡಿದ್ದೀರಿ. ಚಿಕ್ಕಮ್ಮ ಹುಷಾರಾಗಿದ್ದಾರಾ?"

"ಅವಳು ಹುಷಾರಾಗಿದ್ದಾಳೆ ಕಣೋ. ಕಂಪ್ಯೂಟರ್ ಏಳ್ತಿಲ್ಲ."

ಗಿರೀಶ ಉಸಿರು ಬಿಟ್ಟಿದ್ದು ಕೇಳಿಸಿತು. "ಬೀಪ್ ಅನ್ನುತ್ತಾ? ಫೋನ್ ಅದರ ಹತ್ತಿರ ಹಿಡೀರಿ."

ಮೇಷ್ಟ್ರು ಫೋನನ್ನು ಡಬ್ಬಿಗೆ ಒತ್ತಿ ಹಿಡಿದರು, ಎದೆಬಡಿತ ನೋಡುವ ಹಾಗೆ.

"ಸರಿ. ಬಿಟ್ಟು ಬಿಟ್ಟು ಉದ್ದ ಬೀಪ್. ನಿಮ್ಮ ಡಬ್ಬಿಯಲ್ಲಿ ಅದು ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ಸಿಗ್ತಿಲ್ಲ ಅಂತ ಕೂಗೋದು. ಅಂಕಗಳೆಲ್ಲ ಹಾರ್ಡ್ ಡಿಸ್ಕ್‌ನಲ್ಲಿ ಇರ್ತವೆ, ಅವು ಎಲ್ಲೂ ಹೋಗಿರಲ್ಲ. ಮೊದಲು ಪ್ಲಗ್ ಕೀಳಿ. ಕಿತ್ತ ಮೇಲೆ ಗುಂಡೀನ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಹತ್ತಿರ ರಬ್ಬರ್ ಇದೆಯಾ?"

"ಎಂಥ ರಬ್ಬರ್?"

"ಪೆನ್ಸಿಲ್ ಅಳಿಸೋದು ಚಿಕ್ಕಪ್ಪ. ಶಾಲೆಯಲ್ಲೇ ಇದ್ದೀರಿ ಅಲ್ವಾ?"

ಕೆಳಗಿನ ಡ್ರಾ ಎಳೆದರು. ತರಗತಿಯಲ್ಲಿ ಕಿತ್ತುಕೊಂಡ ಸಾಮಾನೆಲ್ಲ ಅಲ್ಲಿತ್ತು. ಬುಗುರಿ, ಮುರಿದ ಪೀಪಿ, ಗೋಲಿ. ನಡುವೆ ಗುಲಾಬಿ ಬಣ್ಣದ ಹೊಸ ರಬ್ಬರ್, ಹಣ್ಣಿನ ವಾಸನೆಯದು. ಮಂಜುನದು. ಹಿಂದಿನ ಬೆಂಚಿನಿಂದ ಮುಂದಿನವರ ತಲೆಗೆ ಎಸೆಯುತ್ತಿದ್ದ ಅಂತ ಮೂರು ತಿಂಗಳ ಹಿಂದೆ ಕಿತ್ತುಕೊಂಡಿದ್ದರು.

ಸ್ಪೀಕರ್ ಹಾಕಿಕೊಂಡು ಡಬ್ಬಿಯ ಪಕ್ಕದ ತಗಡು ಬಿಚ್ಚಿದರು. ಒಳಗೆ ಧೂಳು ಹತ್ತಿಯ ಹಾಗೆ ಕೂತಿತ್ತು. ಬರೀ ಲೋಹದ ಅಂಚು ಒಮ್ಮೆ ಮುಟ್ಟಿ, ಮೈಯಲ್ಲಿನ ಕರೆಂಟ್ ಇಳಿದು ಹೋಗಲಿ ಅಂದ ಗಿರೀಶ. ಮುಟ್ಟಿದರು. ಎರಡೂ ತುದಿಯ ಕ್ಲಿಪ್ ಹಿಂದಕ್ಕೆ ತಳ್ಳಿ ಅಂದ. ತಳ್ಳಿದರು. ಅಂಗೈ ಉದ್ದದ ಹಸಿರು ಪಟ್ಟಿಯೊಂದು ಕೈಗೆ ಬಂತು. ಕೆಳಗೆ ಚಿನ್ನದ ಬಣ್ಣದ ಹಲ್ಲುಗಳು, ಮಂಕಾಗಿ.

"ಆ ಹಲ್ಲುಗಳನ್ನ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಪುಡಿ ಒಳಗೆ ಬೀಳಬಾರದು."

ಉಜ್ಜಿದರು. ಗುಲಾಬಿ ರಬ್ಬರ್ ಕಪ್ಪಾಯಿತು, ಹಲ್ಲು ಹೊಳೆಯಿತು. ಸೀಳು ನೋಡಿಕೊಂಡು, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದರು. ಪ್ಲಗ್ ಹಾಕಿ ಗುಂಡಿ ಒತ್ತಿದರು.

ಈ ಸಲ ಒಂದೇ ಒಂದು ಬೀಪ್, ಚಿಕ್ಕದು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು.

```
CMOS checksum error - Defaults loaded
Press F1 to continue
```

"ಒತ್ತಿ," ಅಂದ ಗಿರೀಶ. "ಒಳಗಿರೋ ಬಿಲ್ಲೆ ಬ್ಯಾಟರಿ ಸತ್ತಿದೆ, ತಾರೀಖು ಮರೆತಿರುತ್ತೆ ಅಷ್ಟೇ. ಮಲಗ್ತೀನಿ ಚಿಕ್ಕಪ್ಪ. ಇವತ್ತೇ ಪೆನ್‌ಡ್ರೈವ್‌ಗೆ ಹಾಕಿ. ಭಜನೆ ಅಳಿಸಿ ಬೇಕಾದರೆ."

ಕಂಪ್ಯೂಟರ್ ಪ್ರಕಾರ ಅದು 2004ರ ಜನವರಿ 1. ಈ ತರಗತಿಯ ಮಕ್ಕಳು ಯಾರೂ ಹುಟ್ಟಿರಲಿಲ್ಲ. ಅಂಕಪಟ್ಟಿ ತೆರೆಯಿತು. ಎಲ್ಲ ಇತ್ತು.

ಅಲ್ಲಿಗೆ ಪ್ರಿಂಟ್ ತೆಗೆದು ಮನೆಗೆ ಹೋಗಬಹುದಿತ್ತು. ಆದರೆ ಕೈಯಲ್ಲಿ ಬರೆದ ಮೂವತ್ತು ಹೆಸರು ಎದುರಿಗಿತ್ತು. ಅಷ್ಟು ಕಷ್ಟಪಟ್ಟದ್ದು ಯಾಕೆ ಹಾಳಾಗಬೇಕು ಅಂತ ಹಾಳೆಯನ್ನು ಪರದೆಯ ಪಕ್ಕ ಹಿಡಿದು ಬೆರಳಿಟ್ಟು ನೋಡುತ್ತ ಹೋದರು.

ಹನ್ನೆರಡನೇ ಹೆಸರು, ಗೌರಿ. ಹಾಳೆಯಲ್ಲಿ ಗಣಿತಕ್ಕೆ 43. ಪರದೆಯಲ್ಲಿ 34. ಪಾಸಿಗೆ 35 ಬೇಕು. ಕಂಪ್ಯೂಟರ್ ಅವಳ ಸಾಲನ್ನು ತಾನಾಗಿಯೇ ಕೆಂಪು ಮಾಡಿತ್ತು.

ಪತ್ರಿಕೆ ಹುಡುಕಿ ತೆಗೆದರು. ಒಳಗಿನ ಅಂಕಗಳನ್ನು ಮತ್ತೆ ಕೂಡಿದರು. 43. ಮೊದಲ ಪುಟದಲ್ಲಿ ತಮ್ಮದೇ ಕೈಬರಹ, ದುಂಡಗೆ. ಟೈಪ್ ಮಾಡಿದ್ದೂ ತಾವೇ.

ತಿದ್ದಿದರು. ಕೆಂಪು ಹೋಯಿತು. ಉಳಿದ ಹದಿನಾರು ಹೆಸರನ್ನೂ ಕೈಯಲ್ಲೇ ಬರೆದು ಹೋಲಿಸಿದರು. ಒಂದು ಕಡೆ 77ರ ಜಾಗದಲ್ಲಿ 71 ಸಿಕ್ಕಿತು. ಬೇರೆ ಎಲ್ಲ ಸರಿ ಇತ್ತು. ಅಷ್ಟರಲ್ಲಿ ನಾಲ್ಕು ಗಂಟೆ.

ಫೈಲ್ ಮುಚ್ಚಿದಾಗ ಅದರ ಕೆಳಗೆ ಹೋದ ವರ್ಷದ ಫೈಲ್ ಕಾಣಿಸಿತು.

ತೆರೆಯಬಾರದಿತ್ತು ಅಂತ ಅವರಿಗೆ ಆಮೇಲೆ ಅನ್ನಿಸಿತಂತೆ. ತೆರೆದರು. ಕೆಂಪು ಸಾಲು ಒಂದೇ ಇತ್ತು. ಮಂಜುನದು. ಗಣಿತ, 34.

ಹೋದ ವರ್ಷದ ಕಟ್ಟುಗಳು ಬೀರುವಿನಲ್ಲಿ ಇರಲಿಲ್ಲ. ರಜೆಯಲ್ಲಿ ಜಾಗ ಸಾಲದು ಅಂತ ರದ್ದಿಗೆ ಹಾಕಿಸಿದ್ದು ಅವರೇ. ಆದರೂ ಎದ್ದು ಹೋಗಿ ಬೀರುವಿನ ಕೆಳಗಿನ ಖಾನೆಗೆ ಟಾರ್ಚ್ ಬಿಟ್ಟು ನೋಡಿದರು. ಒಂದು ಹಳೆಯ ಹಗ್ಗ ಬಿದ್ದಿತ್ತು.

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಫಲಿತಾಂಶ ಗೋಡೆಗೆ ಬಂತು. ತಾರೀಖಿನ ಮೇಲೆ ಮಾತ್ರ ಪೆನ್ನಿನಿಂದ ಗೀಟು ಹೊಡೆದು ಸರಿಯಾದದ್ದು ಬರೆದಿದ್ದರು. ಮಕ್ಕಳು ಮುಗಿಬಿದ್ದರು. ಗೌರಿ ತನ್ನ ಹೆಸರು ನೋಡಿ ಏನೂ ವಿಶೇಷವಿಲ್ಲದವಳಂತೆ ಗೆಳತಿಯ ಜೊತೆ ಹೊರಟಳು. ಅವಳಿಗೆ ಗೊತ್ತಾಗುವುದಾದರೂ ಹೇಗೆ.

ಮಂಜುನಿಗೆ ಗಣಿತದಲ್ಲಿ 61 ಬಂದಿತ್ತು. ಗುಂಪು ಕರಗಿದ ಮೇಲೆ ಮೇಷ್ಟ್ರು ಅವನನ್ನು ಕರೆದು ರಬ್ಬರ್ ಕೈಗಿಟ್ಟರು. ಅವನು ಅದನ್ನು ತಿರುಗಿಸಿ ನೋಡಿದ, ಮೂಸಿದ.

"ಕಪ್ಪಾಗಿದೆ ಸಾರ್."

"ನಾನು ಬಳಸಿದೆ. ಹೊಸದು ಕೊಡಿಸ್ತೀನಿ." ಸ್ವಲ್ಪ ತಡೆದು ಕೇಳಿದರು. "ಹೋದ ವರ್ಷ ನಿನಗೆ ಗಣಿತದಲ್ಲಿ ಎಷ್ಟು ಬಂದಿತ್ತು, ನೆನಪಿದೆಯಾ?"

"34 ಸಾರ್." ಯೋಚಿಸದೆ ಹೇಳಿದ.

"ಪತ್ರಿಕೆ ಮೇಲೆ ಎಷ್ಟಿತ್ತು?"

"ಪತ್ರಿಕೆ ನೋಡಿಲ್ಲ ಸಾರ್. ಅಮ್ಮ ಬಂದು ಕೇಳಿದ್ದಳು. ನೀವು ಕಂಪ್ಯೂಟರ್ ತೋರಿಸಿದ್ರಿ."