ದೀಪಾವಳಿ ನಮಸ್ಕಾರ, ನಮ್ಮ ಪೆನ್ಷನ್ ಹಿರಿಯರಿಗೆ

ಬಿ.ಎಂ. ರಸ್ತೆ ಶಾಖೆ, ಹಾಸನ
ಅಕ್ಟೋಬರ್ 13, 2025

ಹಿರಿಯರೇ, ನಮಸ್ಕಾರ.

ದೀಪಾವಳಿ ಹಬ್ಬದ ಶುಭಾಶಯಗಳು.

ನಿಮಗೂ, ನಿಮ್ಮ ಮನೆಯವರಿಗೂ, ಹಬ್ಬಕ್ಕೆ ಅಂತ ಬೆಂಗಳೂರು ಮೈಸೂರಿಂದ ಬರೋ ಮಕ್ಕಳು ಮೊಮ್ಮಕ್ಕಳಿಗೂ ನಮ್ಮ ಶಾಖೆಯ ಎಲ್ಲರ ಪ್ರೀತಿಯ ನಮಸ್ಕಾರ.

ಈ ಸಲ ಪತ್ರನ ದೊಡ್ಡ ಅಕ್ಷರದಲ್ಲಿ ಹಾಕ್ಸಿದ್ದೀವಿ. ಹೋದ ವರ್ಷ ಕೊಟ್ಟ ಕಾರ್ಡಲ್ಲಿ ಬಣ್ಣದ ದೀಪದ ಚಿತ್ರ ಚೆನ್ನಾಗಿತ್ತು, ಅಕ್ಷರ ಮಾತ್ರ ಇರುವೆ ಸಾಲಿನ ಥರ ಇತ್ತು. ರಿಟೈರ್ಡ್ ಮೇಡಂ ಒಬ್ರು ಕನ್ನಡಕ ಏರಿಸಿ ಇಳಿಸಿ ನೋಡಿ, ಕೊನೆಗೆ ಕಾರ್ಡನ್ನ ನಮ್ಮ ಕೌಂಟರ್ ಹುಡುಗಿ ಕೈಗೇ ಕೊಟ್ಟು "ನೀನೇ ಓದಿ ಹೇಳಮ್ಮ" ಅಂದ್ರು. ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ಓದೋಕಾಗದ ಪತ್ರ ಕೊಟ್ವಲ್ಲ ಅಂತ ಅವತ್ತು ನಮಗೆ ತುಂಬಾ ಬೇಜಾರಾಯ್ತು. ತಪ್ಪಾಯ್ತು, ಕ್ಷಮಿಸಿ.

ಹಾಸನಾಂಬೆ ಗುಡಿ ಬಾಗಿಲು ತೆಗೆದಾಗಿಂದ ಊರ ತುಂಬ ಜನ, ನಿಮಗೇ ಗೊತ್ತು. ಬಸ್ ಸ್ಟ್ಯಾಂಡಿಂದ ಬಿ.ಎಂ. ರಸ್ತೆವರೆಗೂ ಗಾಡಿಗಳ ಸಾಲು, ಆಟೋದವರೂ ಸುತ್ತಿ ಬಳಸಿ ಬರ್ತಾರೆ. ಅದಕ್ಕೇ ಒಂದು ವಿನಂತಿ, ತೀರಾ ಅರ್ಜೆಂಟ್ ಇಲ್ಲದಿದ್ರೆ ಬಲಿಪಾಡ್ಯಮಿ ಮುಗಿಯೋವರೆಗೂ ಬ್ಯಾಂಕ್ ಕೆಲಸಕ್ಕೆ ಅಂತ ಈ ಜನದಲ್ಲಿ ಬರಬೇಡಿ, ಅಮ್ಮನ ದರ್ಶನ ಮಾಡಿ, ಮನೇಲಿ ನೀರು ತುಂಬೋ ಹಬ್ಬ ಮಾಡಿ, ಬಿಸಿ ಬಿಸಿ ಎಣ್ಣೆ ಸ್ನಾನ ಮಾಡಿ, ಕಡುಬು ತಿಂದು ಆರಾಮಾಗಿರಿ. ಗುಡಿಯಲ್ಲಿ ಹೋದ ವರ್ಷ ಹಚ್ಚಿಟ್ಟ ದೀಪ ಹಾಗೇ ಉರೀತಿರುತ್ತೆ ಅನ್ನೋ ನಂಬಿಕೆನ ಬೇರೆ ಊರಿಂದ ವರ್ಗವಾಗಿ ಬಂದ ನಮ್ಮಂಥವರಿಗೆ ಮೊದಲು ಹೇಳಿದ್ದು ನೀವೇ. ನಿಮ್ಮ ಮನೆ ದೀಪನೂ ಹಂಗೇ ಇರಲಿ.

ಅಕ್ಟೋಬರ್ 20 ಸೋಮವಾರ ನರಕ ಚತುರ್ದಶಿ, ಬ್ಯಾಂಕ್ ರಜೆ.
ಅಕ್ಟೋಬರ್ 21 ಮಂಗಳವಾರ ಬ್ಯಾಂಕ್ ಇರುತ್ತೆ.
ಅಕ್ಟೋಬರ್ 22 ಬುಧವಾರ ಬಲಿಪಾಡ್ಯಮಿ, ರಜೆ.

ಹಬ್ಬದ ಖರ್ಚಿಗೆ ಕ್ಯಾಶ್ ಬೇಕಿದ್ರೆ 18ರ ಶನಿವಾರವೇ ತಗೊಂಡುಬಿಡಿ, ಅವತ್ತು ಮೂರನೇ ಶನಿವಾರ, ಬ್ಯಾಂಕ್ ಇದೆ.

ಹಬ್ಬ ಆದ ಮೇಲೆ ನವೆಂಬರ್. ನವೆಂಬರ್ ಅಂದ್ರೆ ಜೀವಿತ ಪ್ರಮಾಣಪತ್ರ. ಈ ವರ್ಷ ನವೆಂಬರ್ 30 ಭಾನುವಾರ ಬಂದಿದೆ, ಹಾಗಾಗಿ ಶಾಖೆಗೆ ಬಂದು ಕೊಡೋರಿಗೆ

ಕೊನೆ ದಿನ ನವೆಂಬರ್ 29, ಶನಿವಾರ.

ಅದು ಐದನೇ ಶನಿವಾರ ಆದ್ರಿಂದ ಬ್ಯಾಂಕ್ ತೆಗೆದಿರುತ್ತೆ. ಆದ್ರೂ ಕೊನೆ ದಿನದವರೆಗೂ ಕಾಯಬೇಡಿ. ನವೆಂಬರ್ 1 ರಾಜ್ಯೋತ್ಸವ, 2 ಭಾನುವಾರ, 3ನೇ ತಾರೀಕು ಸೋಮವಾರದಿಂದ ನಿಮಗಾಗೇ ಒಂದು ಕೌಂಟರ್ ಇರುತ್ತೆ, ಬಾಗಿಲ ಒಳಗೆ ಬಂದ ತಕ್ಷಣ ಬಲಗಡೆ, ಮೆಟ್ಟಿಲು ಹತ್ತೋದಿಲ್ಲ. ಹೋದ ವರ್ಷ ನಿಮ್ಮನ್ನ ಸಾಲಲ್ಲಿ ನಿಲ್ಲಿಸಿದ್ವಿ. ದುದ್ದದ ಕಡೆಯಿಂದ ಬಂದಿದ್ದ ಒಬ್ರು ಹಿರಿಯರು ಗೋಡೆಗೆ ಕೈಕೊಟ್ಟು ಒಂದು ಗಂಟೆ ನಿಂತಿದ್ರು, "ನಾನಿದ್ದೀನಿ ಅಂತ ತೋರಿಸೋಕೆ ಇಷ್ಟೊತ್ತು ನಿಲ್ಲಬೇಕಾ ಸ್ವಾಮಿ" ಅಂತ ಕೇಳಿದ್ರು, ನಮ್ಮ ಹತ್ರ ಉತ್ತರ ಇರಲಿಲ್ಲ. ಈ ಸಲ ಸಾಲು ಇಲ್ಲ. ಟೋಕನ್ ತಗೊಂಡು ಕುರ್ಚಿಯಲ್ಲಿ ಕೂತ್ಕೊಳ್ಳಿ, ನಮ್ಮ ಹುಡುಗರೇ ನೀವು ಕೂತಲ್ಲಿಗೆ ಬರ್ತಾರೆ. ಕುಡಿಯೋ ನೀರು ಇರುತ್ತೆ, ಬೆಳಿಗ್ಗೆ ಹೊತ್ತು ಕಾಫಿನೂ ಇರುತ್ತೆ, ಶುಗರ್ ಇರೋರಿಗೆ ಸಕ್ಕರೆ ಇಲ್ಲದ್ದು ಬೇರೆ.

ಬರುವಾಗ ಆಧಾರ್ ಕಾರ್ಡು, ಪಿಪಿಒ ನಂಬರ್ ಇರೋ ಕಾಗದ, ಪಾಸ್‌ಬುಕ್, ಆಧಾರ್‌ಗೆ ಸೇರಿಸಿರೋ ಮೊಬೈಲ್, ಇಷ್ಟು ತನ್ನಿ. ಪಿಪಿಒ ಕಾಗದ ಎಲ್ಲಿಟ್ಟಿದ್ದೀರೋ ಮರೆತಿದ್ರೂ ಬನ್ನಿ, ಹುಡುಕೋಣ. ಬೆರಳು ಸವೆದು ಮೆಷಿನ್ ತಗೊಳ್ಳೋದಿಲ್ಲ ಅಂತ ತುಂಬಾ ಜನ ವಾಪಸ್ ಹೋಗ್ತಿದ್ರು, ಜೀವನವೆಲ್ಲ ಗದ್ದೆಯಲ್ಲಿ, ಸುಣ್ಣದ ಬಳಪದಲ್ಲಿ, ಅಡಿಗೆ ಮನೆಯಲ್ಲಿ ದುಡಿದ ಬೆರಳು, ಅದರ ಗೆರೆ ಅಳಿಸಿದ್ರೆ ಅದು ನಿಮ್ಮ ತಪ್ಪಲ್ಲ. ಈಗ ಮುಖ ನೋಡಿ ಗುರುತಿಸೋ ವ್ಯವಸ್ಥೆ ಇದೆ, ಫೋನ್ ಕ್ಯಾಮೆರಾ ಮುಂದೆ ಕಣ್ಣು ಒಂದ್ಸಲ ಮುಚ್ಚಿ ತೆಗೆದ್ರೆ ಆಯ್ತು. ಇದಕ್ಕೆ ಶಾಖೆಯಲ್ಲಿ ಒಂದು ರೂಪಾಯಿನೂ ಕೊಡಬೇಕಾಗಿಲ್ಲ.

80 ವರ್ಷ ದಾಟಿದ ಕೇಂದ್ರ ಸರ್ಕಾರದ ಪೆನ್ಷನ್‌ನವರು ಅಕ್ಟೋಬರ್ 1ರಿಂದಲೇ ಕೊಡಬಹುದು, ನವೆಂಬರ್ ಬರಲಿ ಅಂತ ಕಾಯೋದು ಬೇಡ. ಪಿಎಫ್ ಆಫೀಸಿಂದ ಪೆನ್ಷನ್ ಬರೋರಿಗೆ ಲೆಕ್ಕ ಬೇರೆ, ನೀವು ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತೆ, ನಿಮ್ಮದು ಯಾವಾಗ ಮುಗಿಯುತ್ತೆ ಅಂತ ಪಾಸ್‌ಬುಕ್ ತೋರಿಸಿ ಕೇಳಿ, ನೋಡಿ ಹೇಳ್ತೀವಿ. ಯಜಮಾನರು ತೀರ್ಕೊಂಡು ಕುಟುಂಬ ಪಿಂಚಣಿ ತಗೊಳ್ಳೋ ಅಮ್ಮಂದಿರೂ ಇದನ್ನ ಕೊಡಲೇಬೇಕು, "ನನಗೆ ಯಾರೂ ಹೇಳಲೇ ಇಲ್ಲ" ಅಂತ ಡಿಸೆಂಬರ್ ಆದ ಮೇಲೆ ಕಣ್ಣೀರು ಹಾಕಿದವರನ್ನ ನೋಡಿದ್ದೀವಿ. ಅದಕ್ಕೇ ಈಗಲೇ ಹೇಳ್ತಿದ್ದೀವಿ. ಅಕಸ್ಮಾತ್ ತಡವಾಗಿ ಪೆನ್ಷನ್ ನಿಂತ್ರೂ ಗಾಬರಿ ಆಗಬೇಡಿ, ಪತ್ರ ಕೊಟ್ಟ ಮೇಲೆ ನಿಂತಿದ್ದ ದುಡ್ಡೂ ಸೇರಿ ಬರುತ್ತೆ.

ಓಡಾಡೋಕಾಗದೆ ಮನೆಯಲ್ಲೇ ಇದ್ದೀರಾ, ಆಸ್ಪತ್ರೆಯಲ್ಲಿದ್ದೀರಾ? ಮಕ್ಕಳೋ ಪಕ್ಕದ ಮನೆಯವರೋ ಬಂದು ನಿಮ್ಮ ಹೆಸರು, ಬೀದಿ ಹೇಳಿ ಹೋದ್ರೆ ಸಾಕು.

ನಾವೇ ಬರ್ತೀವಿ.

ವಿದ್ಯಾನಗರ, ಕುವೆಂಪು ನಗರ ಆಗಲಿ, ಸಾಲಗಾಮೆ ಶಾಂತಿಗ್ರಾಮದ ಕಡೆ ಆಗಲಿ, ದಿನ ಗೊತ್ತು ಮಾಡಿ ಬರ್ತೀವಿ. ಬರೋರ ಹತ್ರ ಬ್ಯಾಂಕ್ ಗುರುತಿನ ಚೀಟಿ ಇರುತ್ತೆ, ನೋಡಿಯೇ ಒಳಗೆ ಬಿಡಿ, ಅನುಮಾನ ಬಂದ್ರೆ ಹೊರಗೇ ನಿಲ್ಲಿಸಿ, ನಮಗೇನೂ ಬೇಜಾರಿಲ್ಲ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ.

ಫೋನಲ್ಲಿ ಯಾರಿಗೂ ಒಟಿಪಿ ಹೇಳಬೇಡಿ.

"ಬ್ಯಾಂಕಿಂದ ಮಾತಾಡ್ತಿದ್ದೀವಿ, ಜೀವಿತ ಪ್ರಮಾಣಪತ್ರ ಅಪ್‌ಡೇಟ್ ಮಾಡ್ತೀವಿ, ಇಲ್ಲಾಂದ್ರೆ ಪೆನ್ಷನ್ ನಿಲ್ಲುತ್ತೆ" ಅಂತ ಯಾರಾದ್ರೂ ಅಂದ್ರೆ ಫೋನ್ ಇಟ್ಟುಬಿಡಿ. ಎಷ್ಟೇ ಸರ್ ಮೇಡಂ ಅಂತ ಮಾತಾಡಿದ್ರೂ ಸರಿ. ವಾಟ್ಸಾಪಲ್ಲಿ ಬರೋ ಲಿಂಕು ಒತ್ತಬೇಡಿ. ಪೊಲೀಸ್ ಡ್ರೆಸ್ಸಲ್ಲಿ ವಿಡಿಯೋ ಕಾಲ್ ಮಾಡಿ "ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ" ಅಂತ ಹೆದರಿಸೋರೂ ಇದ್ದಾರೆ, ನಮ್ಮ ಕಾನೂನಲ್ಲಿ ಅಂಥ ಅರೆಸ್ಟ್ ಅನ್ನೋದೇ ಇಲ್ಲ. ದುಡ್ಡು ಹೋಗಿಬಿಟ್ಟಿದ್ರೆ ನಾಚಿಕೆ ಪಟ್ಟುಕೊಂಡು ಮಕ್ಕಳ ಹತ್ರ ಮುಚ್ಚಿಡಬೇಡಿ, ಒಂದು ನಿಮಿಷನೂ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಆಮೇಲೆ ನಮ್ಮ ಹತ್ರ ಬನ್ನಿ. ಎಷ್ಟು ಬೇಗ ಹೇಳ್ತೀರೋ ಅಷ್ಟು ದುಡ್ಡು ತಡೆಯೋ ಅವಕಾಶ ಜಾಸ್ತಿ.

ಸ್ಕೂಲಲ್ಲಿ ಪಾಠ ಮಾಡಿದವರು, ಗಡಿ ಕಾದವರು, ಮಳೆಯಲ್ಲಿ ಕಂಬ ಹತ್ತಿ ಕರೆಂಟ್ ಕೊಟ್ಟವರು, ಗೊರೂರಲ್ಲಿ ಹೇಮಾವತಿ ಅಣೆಕಟ್ಟು ಕಟ್ಟುವಾಗ ದುಡಿದವರು, ತಾಲ್ಲೂಕು ಆಫೀಸಲ್ಲಿ ಕಡತ ಬರೆದವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರು, ನಿಮ್ಮೆಲ್ಲರ ಖಾತೆ ನಮ್ಮ ಹತ್ರ ಇದೆ. ಪೆನ್ಷನ್ ನಿಮ್ಮ ದುಡಿಮೆಯ ದುಡ್ಡು, ಅದನ್ನ ಕೇಳೋಕೆ ಸಂಕೋಚ ಬೇಡ, ಎರಡು ಸಲ ಕೇಳಿದ್ರೂ ಎರಡು ಸಲ ಹೇಳ್ತೀವಿ, ಜೋರಾಗಿ ಹೇಳಿ ಅಂದ್ರೆ ಜೋರಾಗಿ ಹೇಳ್ತೀವಿ.

ಹಬ್ಬದ ದಿನ ಪಟಾಕಿ ಹೊಗೆಯಿಂದ ಸ್ವಲ್ಪ ದೂರ ಇರಿ, ದೀಪ ಹಚ್ಚುವಾಗ ಸೆರಗು, ಶಾಲು ಜೋಪಾನ. 23ರ ಗುರುವಾರ ಬಂದವರಿಗೆಲ್ಲ ನಮ್ಮ ಶಾಖೆಯಲ್ಲಿ ಹಬ್ಬದ ಸಿಹಿ ಇದೆ, ಬಂದು ಬಾಯಿ ಸಿಹಿ ಮಾಡ್ಕೊಂಡು ಹೋಗಿ.

ನಿಮ್ಮ ಆಶೀರ್ವಾದ ಬೇಡುವ,

ಶಾಖಾ ವ್ಯವಸ್ಥಾಪಕರು ಮತ್ತು ಎಲ್ಲಾ ಸಿಬ್ಬಂದಿ
ಬಿ.ಎಂ. ರಸ್ತೆ ಶಾಖೆ, ಹಾಸನ

ಈ ಪತ್ರದ ಅಕ್ಷರ ಇನ್ನೂ ದೊಡ್ಡದು ಬೇಕು ಅನ್ನಿಸಿದ್ರೆ ಕೌಂಟರಲ್ಲಿ ಹೇಳಿ, ಇನ್ನೂ ದೊಡ್ಡದಾಗಿ ಪ್ರಿಂಟ್ ತೆಗೆದು ಕೊಡ್ತೀವಿ.