ಗಡ್ಡದ ವಿಷಯವಾಗಿ ಅಪ್ಪ ಅಮ್ಮನಿಗೆ

ಕಾಕ್ಕನಾಡ್, ಕೊಚ್ಚಿ
ಅಕ್ಟೋಬರ್ 12

ಪ್ರೀತಿಯ ಅಪ್ಪ, ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಜ್ವರ ಇಲ್ಲ, ಸಾಲ ಇಲ್ಲ, ಕೆಲಸ ಹೋಗಿಲ್ಲ, ಯಾವ ಹುಡುಗಿಯೂ ಕೈಕೊಟ್ಟಿಲ್ಲ. ಇದನ್ನೆಲ್ಲ ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಕಳೆದ ಭಾನುವಾರ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ನೋಡಿದ ಮೇಲೆ ಅಮ್ಮ ಕೇಳಿದ್ದು ಪೂರಾ ಇದೇ. ಅಪ್ಪ ಏನೂ ಕೇಳಲಿಲ್ಲ. "ಆ ಊರಲ್ಲಿ ಕ್ಷೌರದ ಅಂಗಡಿ ಇಲ್ವಾ?" ಅಂತ ಒಂದು ಮಾತು ಹೇಳಿ ತೋಟಕ್ಕೆ ಹೋದರು. ಫೋನ್‌ನಲ್ಲಿ ಈ ವಿಷಯ ತೆಗೆದರೆ ಅಮ್ಮನ ಗಂಟಲು ಕಟ್ಟುತ್ತದೆ, ಅಪ್ಪ ಫೋನನ್ನೇ ಅಮ್ಮನ ಕೈಗೆ ದಾಟಿಸುತ್ತಾರೆ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಕಾಗದ. ಕಾಗದವನ್ನು ಯಾರ ಕೈಗೂ ದಾಟಿಸದೆ ಕೊನೆವರೆಗೆ ಓದಬೇಕು, ಅಷ್ಟೇ ನನ್ನ ಕೋರಿಕೆ.

ವಿಷಯಕ್ಕೆ ಬರುತ್ತೇನೆ. ನನಗೆ ಗಡ್ಡ ಇಟ್ಟುಕೊಳ್ಳಬೇಕು ಅಂತ ಉಂಟು. ಸನ್ಯಾಸಿಯ ಗಡ್ಡ ಅಲ್ಲ. ಅರ್ಧ ಸೆಂಟಿಮೀಟರಿಗಿಂತ ಉದ್ದ ಬಿಡದೆ, ಕೆನ್ನೆಯ ಮೇಲೂ ಕುತ್ತಿಗೆಯಲ್ಲೂ ಅಂಚು ತೆಗೆದು, ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಗಡ್ಡ. ಕಾರಣ ಕೇಳಿದರೆ ನನಗೆ ಇಷ್ಟ, ಅಷ್ಟೇ. ಕನ್ನಡಿಯಲ್ಲಿ ನೋಡಿದಾಗ ಇದು ನನ್ನ ಮುಖ ಅಂತ ಅನಿಸುತ್ತದೆ. ಬೋಳಿಸಿದ ದಿನ ಪ್ಲಸ್ ಟೂ ಓದುವ ಹುಡುಗ ಆಫೀಸಿಗೆ ಬಂದು ಕೂತ ಹಾಗೆ ಕಾಣುತ್ತೇನೆ. ಗಿರಾಕಿಗಳ ಜೊತೆ ಮೀಟಿಂಗ್ ಇದ್ದಾಗ ಅವರು ನನ್ನನ್ನು ಬಿಟ್ಟು ಪಕ್ಕದವನ ಹತ್ತಿರ ಮಾತಾಡುತ್ತಾರೆ, ಕೆಲಸ ಮಾಡಿದ್ದು ನಾನಾದರೂ.

ಚರ್ಮದ ಕಾರಣವೂ ಉಂಟು. ಅಮ್ಮಾ, ನನ್ನ ಕುತ್ತಿಗೆಯಲ್ಲಿ ಕೆಂಪು ಗುಳ್ಳೆಗಳು ಏಳುತ್ತಿದ್ದದ್ದು ನಿನಗೆ ಗೊತ್ತಲ್ಲ, ನೀನು ಅರಸಿನ, ಬೇವು ಎಲ್ಲ ಅರೆದು ಹಚ್ಚುತ್ತಿದ್ದೆ. ಅದು ನಂಜಲ್ಲ, ಮೊಡವೆಯೂ ಅಲ್ಲ. ಇಲ್ಲಿಯ ಚರ್ಮದ ಡಾಕ್ಟರು ಸರಿಯಾಗಿ ವಿವರಿಸಿದರು. ನನ್ನದು ಗುಂಗುರು ಕೂದಲು. ತೀರಾ ನುಣ್ಣಗೆ ಬೋಳಿಸಿದಾಗ ಕೂದಲ ತುದಿ ಚೂಪಾಗುತ್ತದೆ, ಬೆಳೆಯುವಾಗ ಹೊರಗೆ ಬರುವ ಬದಲು ಸುರುಳಿ ಸುತ್ತಿ ಪುನಃ ಚರ್ಮದೊಳಗೇ ನುಗ್ಗುತ್ತದೆ, ಮುಳ್ಳು ಕಂತಿದ ಜಾಗದ ಹಾಗೆ ಅಲ್ಲಿ ಬಾತು ಕೆಂಪಾಗುತ್ತದೆ. ಕ್ರೀಮು ಕೊಟ್ಟರು. ಆದರೆ ಬ್ಲೇಡು ತಾಗಿಸದೆ ಇರುವುದೇ ಇದಕ್ಕೆ ಒಳ್ಳೆಯ ಮದ್ದು, ಟ್ರಿಮ್ಮರ್‌ನಲ್ಲಿ ಸಣ್ಣ ಮಾಡಿಕೊಂಡರೆ ಸಾಕು ಅಂತಲೂ ಹೇಳಿದರು. ಈಗ ಕುತ್ತಿಗೆ ಆರಾಮ ಉಂಟು, ಕಲೆ ಮಾತ್ರ ಸ್ವಲ್ಪ ಉಳಿದಿದೆ. ಆದರೆ ಡಾಕ್ಟರ ಚೀಟಿ ತೋರಿಸಿ ನಿಮ್ಮಿಂದ ಹ್ಞೂಂ ಅನ್ನಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಗುಳ್ಳೆ ಏಳದಿದ್ದರೂ ನಾನು ಗಡ್ಡ ಕೇಳುತ್ತಿದ್ದೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಕಡೆ ಗಡ್ಡ ಬಿಟ್ಟವನನ್ನು ಕಂಡರೆ ಹಿರಿಯರು ಕೇಳುವುದು ಎರಡೇ ಪ್ರಶ್ನೆ. ಒಂದು, ಮನೆಯಲ್ಲಿ ಯಾರು ಹೋದರು? ಇನ್ನೊಂದು, ಹೆಂಡತಿಗೆ ಎಷ್ಟು ತಿಂಗಳು? ಎರಡೂ ಅಲ್ಲ ಅಂದರೆ ಅವನಿಗೆ ತಲೆ ಸರಿ ಇಲ್ಲ ಅಂತ ಲೆಕ್ಕ. ನೀರ್ಚಾಲು ಪೇಟೆಯಲ್ಲಿ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಈ ಪ್ರಶ್ನೆಗಳು ನನಗೂ ಸಿಗುತ್ತವೆ, ನನಗಿಂತ ಮೊದಲು ನಿಮಗೆ ತಲುಪುತ್ತವೆ. ಆದರೆ ಅಪ್ಪ, ನೀವು ಶಬರಿಮಲೆಗೆ ಮಾಲೆ ಹಾಕಿದ ವರ್ಷಗಳಲ್ಲಿ 41 ದಿನದ ವ್ರತ ಮುಗಿಯುವವರೆಗೆ ಗಡ್ಡ ಬಿಡುತ್ತಿದ್ದಿರಿ. ಅದೇ ಗಡ್ಡದಲ್ಲಿ ಶಾಲೆಗೆ ಹೋಗಿ ಪಾಠ ಮಾಡಿದ್ದೀರಿ. ಆಗ ಯಾರಿಗೂ ಅಸಹ್ಯ ಅನಿಸಲಿಲ್ಲ, ಅಮ್ಮನಿಗೂ ಅನಿಸಲಿಲ್ಲ. ವ್ರತ ಬೇರೆ, ಶೋಕಿ ಬೇರೆ ಅಂತ ನೀವು ಹೇಳುತ್ತೀರಿ, ಒಪ್ಪುತ್ತೇನೆ. ಆದರೆ ಗಡ್ಡ ಅಂದ ಕೂಡಲೇ ಕೊಳಕು ಅಂತ ಅರ್ಥ ಅಲ್ಲ ಅನ್ನುವುದು ನಮ್ಮ ಮನೆಯಲ್ಲೇ ಗೊತ್ತಿದ್ದ ಸಂಗತಿ. ಸತ್ಯ ಹೇಳಬೇಕೆಂದರೆ ನಿಮ್ಮ ಮಾಲೆಯ ಗಡ್ಡಕ್ಕಿಂತ ನನ್ನದು ನೀಟಾಗಿ ಉಂಟು.

ಇನ್ನು ಅಪ್ಪ ಬಾಯಿ ಬಿಟ್ಟು ಹೇಳದ ಮಾತು. ನೀವು ಹೇಳದಿದ್ದರೂ ಚಿಕ್ಕಪ್ಪ ಹೇಳಿದರು. "ಕೊಚ್ಚಿಗೆ ಹೋಗಿ ಪೂರಾ ಮಲಯಾಳಿ ಆದ" ಅಂತ ನೀವು ಅಂದಿರಂತೆ. ಬೇಸರ ಆಯಿತು ಅಪ್ಪ. ಗಡ್ಡದ ವಿಷಯಕ್ಕಿಂತ ಇದನ್ನು ಬರೆಯಲಿಕ್ಕೇ ನಾನು ಪೆನ್ನು ಹಿಡಿದದ್ದು ಅಂತ ಈಗ ಅನಿಸುತ್ತಿದೆ.

ನಿಮ್ಮ ಹೆದರಿಕೆ ನನಗೆ ಅರ್ಥ ಆಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಕತೆಯನ್ನು ಅಜ್ಜ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಕನ್ನಡ ಮೀಡಿಯಂ ಮಕ್ಕಳಿಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗ ನೀವು ಬಿಸಿಲಲ್ಲಿ ಧರಣಿ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನ ಹುಡುಗರು ಒಬ್ಬೊಬ್ಬರೇ ತೆಂಕಕ್ಕೆ ಕೆಲಸಕ್ಕೆ ಹೋಗಿ, ಬರುವಾಗ ಅರ್ಧ ಮಾತು ಮಲಯಾಳದಲ್ಲಿ ಆಡುವುದನ್ನು ನೋಡಿ ನಿಮಗೆ ಹೊಟ್ಟೆ ಉರಿದದ್ದೂ ಗೊತ್ತು. ಇಲ್ಲಿ ಗಡ್ಡ ಇಲ್ಲದ ಹುಡುಗ ಸಿಗುವುದೇ ಅಪರೂಪ, ಸಿನಿಮಾ ಪೋಸ್ಟರಿನಲ್ಲೂ ಅದೇ, ಅದೂ ನಿಜ. ಆದರೆ ನಾನು ಅವರನ್ನು ನೋಡಿ ಇಟ್ಟದ್ದಲ್ಲ. ಇಟ್ಟ ಮೇಲೆ ಇಲ್ಲಿ ಯಾರೂ ಏನೂ ಕೇಳಲಿಲ್ಲ, ಅಷ್ಟು ಮಾತ್ರ ಉಪಕಾರ ಆಯಿತು.

ನಿಮ್ಮ ಕ್ಲಾಸಿನ ಗೋಡೆ ನೆನಪು ಮಾಡಿಕೊಳ್ಳಿ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಆಮೇಲೆ ಅನಂತಮೂರ್ತಿ, ಕಾರ್ನಾಡ್. 1994ರಲ್ಲಿ ಒಬ್ಬರಿಗೆ, 1998ರಲ್ಲಿ ಇನ್ನೊಬ್ಬರಿಗೆ ಜ್ಞಾನಪೀಠ ಅಂತ ನಮ್ಮಿಂದ ಉರು ಹೊಡೆಸಿದ್ದು ನೀವೇ. ಆ ಕೊನೆಯ ಇಬ್ಬರಿಗೂ ಗಡ್ಡ ಇತ್ತು, ಅದೂ ಒಪ್ಪವಾದ ಗಡ್ಡ. ಅವರ ಕನ್ನಡಕ್ಕೆ ಅದರಿಂದ ಏನೂ ಆಗಲಿಲ್ಲ. ಆ ಸಾಲಿಗೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದೇನೆ ಅಂತ ನಗಬೇಡಿ, ನನ್ನ ಸಾಹಿತ್ಯ ಎಲ್ಲ ಆಫೀಸಿನ ಇಮೇಲಿನಲ್ಲೇ ಮುಗಿಯುತ್ತದೆ. ಆದರೆ ರೂಮಿನಲ್ಲಿ ನಾವು ಮೂವರು ಕಾಸರಗೋಡಿನವರು, ರಾತ್ರಿ ಮಾತು ಕನ್ನಡದಲ್ಲೇ, ಜಗಳ ತುಳುವಿನಲ್ಲಿ. ಯುಟ್ಯೂಬಿನಲ್ಲಿ ತಾಳಮದ್ದಳೆ ಹಾಕಿದರೆ ಪಕ್ಕದ ರೂಮಿನ ಕೊಲ್ಲಂ ಹುಡುಗ ಗೋಡೆ ಬಡಿಯುತ್ತಾನೆ. ನಾನು ಮಲಯಾಳಿ ಆಗಿದ್ದರೆ ಅವನಿಗಾದರೂ ಸುಖ ಇರುತ್ತಿತ್ತು.

ಅತ್ತೆ ಅಂದ ಮಾತು ಬೇರೆ. ಗಡ್ಡ ಕಂಡರೆ ಯಾವ ಜಾತಿ, ಯಾವ ಧರ್ಮ ಅಂತ ತಿಳಿಯುವುದಿಲ್ಲವಂತೆ. ತಿಳಿಯದಿದ್ದರೆ ಏನು ನಷ್ಟ? ಮುಸ್ಲಿಮರಲ್ಲಿ ಗಡ್ಡ ಉಂಟು, ಸಿಖ್ಖರಲ್ಲಿ ಉಂಟು, ನಮ್ಮ ಸ್ವಾಮಿಗಳಿಗೆ ಉಂಟು, ಇಲ್ಲಿಯ ಚರ್ಚಿನ ಅಚ್ಚನ್ಮಾರಿಗೂ ಉಂಟು. ನಮ್ಮ ಅಡಿಕೆ ಕೊಯ್ಲಿನ ಸಮಯಕ್ಕೆ ಸಾಲ ಕೊಟ್ಟು ಬಡ್ಡಿ ಕೇಳದವರು ಗಡ್ಡದ ಕಾಕನೇ ಅಂತ ಅತ್ತೆಗೆ ನೆನಪು ಮಾಡಿ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಬರೆದರೆ ಸಿಟ್ಟು ಬರುತ್ತದೆ.

ಅಮ್ಮಾ, ನಿನ್ನ ಚಿಂತೆ ಜಾತಕದ್ದು. ಹುಡುಗಿಯ ಕಡೆಯವರಿಗೆ ಕೊಡಲು ಫೋಟೋ ಬೇಕು, ಗಡ್ಡದ ಫೋಟೋ ಕೊಟ್ಟರೆ ಏನಂದುಕೊಳ್ಳುತ್ತಾರೋ ಅಂತ. ನನ್ನ ಲೆಕ್ಕ ಉಲ್ಟಾ. ನುಣ್ಣಗಿನ ಮುಖದ ಫೋಟೋ ಕಳಿಸಿ, ಹೆಣ್ಣು ನೋಡಲು ಹೋಗುವಾಗ ಗಡ್ಡದಲ್ಲಿ ಹೋದರೆ ಅದು ಮೋಸ ಮಾಡಿದ ಹಾಗೆ. ಬೋಳಿಸಿಕೊಂಡು ಹೋಗಿ ಮದುವೆ ಆದ ಮೇಲೆ ಬಿಟ್ಟರೆ ಇನ್ನೂ ದೊಡ್ಡ ಮೋಸ. ಈಗಲೇ ಇರುವ ಹಾಗೆ ತೋರಿಸುವ. ಗಡ್ಡ ಬೇಡ ಅನ್ನುವವರು ಫೋಟೋ ನೋಡಿದಾಗಲೇ ಬೇಡ ಅನ್ನಲಿ, ನಮಗೆ ಬಸ್ ಚಾರ್ಜು ಉಳಿಯುತ್ತದೆ. ನೀನು ಈಗ ಎಲ್ಲರಿಗೂ ಕೊಡುತ್ತಿರುವ ಫೋಟೋ ಡಿಗ್ರಿಯ ಐಡಿ ಕಾರ್ಡಿನದ್ದು. ಅದನ್ನು ನೋಡಿ ಒಪ್ಪುವ ಹುಡುಗಿ ಇದ್ದರೆ ನನಗೆ ಅವಳ ಮೇಲೆಯೇ ಸಂಶಯ ಬರುತ್ತದೆ.

ನೀಟಾಗಿ ಇರುತ್ತದಾ ಅಂತ ನೀನು ಕೇಳಬಹುದು. ಇರುತ್ತದೆ. ಟ್ರಿಮ್ಮರ್ ತೆಗೆದುಕೊಂಡಿದ್ದೇನೆ, 5 ಮಿಲಿಮೀಟರಿನ ಬಾಚಣಿಗೆ ಸಿಕ್ಕಿಸಿ ವಾರಕ್ಕೆ ಎರಡು ಸಲ ಒಂದೇ ಅಳತೆಗೆ ತರುತ್ತೇನೆ. ಗಂಟಲ ಗುಬುಟಿನಿಂದ ಎರಡು ಬೆರಳು ಮೇಲೆ ಅಂಚು, ಅದರ ಕೆಳಗೆ ಟ್ರಿಮ್ಮರ್‌ನಲ್ಲೇ ಪೂರಾ ತೆಗೆಯುವುದು. ಅಲ್ಲಿ ಬಿಟ್ಟರೇ ಮನುಷ್ಯ ಕೊಳಕಾಗಿ ಕಾಣುವುದು, ಸುಮಾರು ಜನ ತಪ್ಪುವುದೂ ಅಲ್ಲೇ. ಕೆನ್ನೆಯಲ್ಲಿ ದಾರಿ ತಪ್ಪಿ ಬೆಳೆದದ್ದನ್ನು ಕತ್ತರಿಯಲ್ಲಿ ತೆಗೆಯುತ್ತೇನೆ. ತಿಂಗಳಿಗೊಮ್ಮೆ ಸೆಲೂನಿಗೆ ಹೋಗಿ ಆಕಾರ ಸರಿ ಮಾಡಿಸುತ್ತೇನೆ. ಊಟ ಆದ ಮೇಲೆ ಬಾಯಿಯ ಜೊತೆ ಗಡ್ಡವನ್ನೂ ತೊಳೆಯುತ್ತೇನೆ, ಮೀಸೆ ತುಟಿಗೆ ಇಳಿಯಲು ಬಿಡುವುದಿಲ್ಲ, ಮಜ್ಜಿಗೆ ಕುಡಿಯುವಾಗ ನೀನು ಮುಖ ಸಿಂಡರಿಸಬೇಕಾಗಿಲ್ಲ. ತಲೆಯಲ್ಲಿ ಬರುವ ಹಾಗೆ ಗಡ್ಡದ ಬುಡದಲ್ಲೂ ಹೊಟ್ಟು ಬರುತ್ತದೆ, ಮಳೆಗಾಲದಲ್ಲಿ ಒದ್ದೆ ಇದ್ದರೆ ಕಡಿತ ಶುರು, ಹಾಗಾಗಿ ತೊಳೆದು ಒಣಗಿಸಿ ಎರಡು ಹನಿ ತೆಂಗಿನೆಣ್ಣೆ. ನಿಜ ಹೇಳಬೇಕೆಂದರೆ ಬೋಳಿಸುವುದಕ್ಕಿಂತ ಕೆಲಸ ಜಾಸ್ತಿ. ಉದಾಸೀನದವನಿಗೆ ಹೇಳಿದ್ದಲ್ಲ ಇದು. ಅಪ್ಪ ನನ್ನನ್ನು ಉದಾಸೀನದವ ಅನ್ನುವುದನ್ನು ಈ ಒಂದು ವಿಷಯದಲ್ಲಾದರೂ ಬಿಡಬಹುದು.

ಕೆಲವು ಕಡೆ ನಾನೂ ಬಗ್ಗುತ್ತೇನೆ. ಅಜ್ಜನ ತಿಥಿಗೆ ಅಪ್ಪನ ಜೊತೆ ನಾನು ಕೂರಬೇಕಾಗಿ ಬಂದು, ಭಟ್ಟರು ಕ್ಷೌರ ಆಗಲೇಬೇಕು ಅಂದರೆ ಬಾಯಿ ಮುಚ್ಚಿ ತೆಗೆಸುತ್ತೇನೆ, ಆಮೇಲೆ ಪುನಃ ಬಿಡುತ್ತೇನೆ. ಮನೆಯಲ್ಲಿ ಗಡ್ಡ ಕತ್ತರಿಸಿದ ಕೂದಲು ಬಚ್ಚಲಲ್ಲಿ ಬಿದ್ದಿದ್ದರೆ ಬೈಯಿರಿ. ಮದುವೆಯ ದಿನ ಇರಬೇಕೋ ಬೇಡವೋ ಅನ್ನುವುದನ್ನು ಮದುವೆ ಆಗುವವಳು ಹೇಳಲಿ. ಊರವರು ನಗುತ್ತಾರೆ ಅಂತ ಮಾತ್ರ ತೆಗೆಯುವುದಿಲ್ಲ. ಊರವರು ಅಪ್ಪ ಟೂಶನ್‌ಗೆ ದುಡ್ಡು ತೆಗೆದುಕೊಳ್ಳದಿದ್ದದ್ದಕ್ಕೂ ನಕ್ಕಿದ್ದರು, ಅಲ್ವಾ? ಅಪ್ಪ ಆಗ ಏನಾದರೂ ಬದಲಿಸಿದರಾ?

ದೀಪಾವಳಿಗೆ ರಜೆ ಹಾಕಿದ್ದೇನೆ. ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ಸಿಗೆ ಹತ್ತಿ ಬೆಳಿಗ್ಗೆ ಕಾಸರಗೋಡಿನಲ್ಲಿ ಇಳಿಯುತ್ತೇನೆ, ಅಲ್ಲಿಂದ ಬಸ್ಸು, ಅಪ್ಪ ಸ್ಕೂಟರ್ ತರುವುದು ಬೇಡ. ಜಾತಕದ ಫೋಟೋವನ್ನು ನಾನು ಬಂದ ಮೇಲೆ ಪೇಟೆಯ ಸ್ಟುಡಿಯೋದಲ್ಲೇ ತೆಗೆಸುವ, ಅಮ್ಮಾ, ಜೊತೆಗೆ ಬಂದರೆ ಶರ್ಟು ಯಾವುದು ಅಂತ ನೀನೇ ಹೇಳು. ಅದುವರೆಗೆ ಆ ಐಡಿ ಕಾರ್ಡಿನ ಫೋಟೋ ಯಾರಿಗೂ ಕಳಿಸಬೇಡ. ಗಾಣದ ತೆಂಗಿನೆಣ್ಣೆ ಒಂದು ಬಾಟ್ಲಿ ತೆಗೆದಿಡು, ಇಲ್ಲಿಯ ಪ್ಯಾಕೆಟಿನದ್ದಕ್ಕೆ ಪರಿಮಳ ಇಲ್ಲ. ಅಪ್ಪ, ಮಳೆ ಬಿಟ್ಟಿದ್ದರೆ ಈ ಸಲ ಅಡಿಕೆಗೆ ಔಷಧಿ ಬಿಡಲು ಜನ ಸಿಕ್ಕಿದರಾ ಅಂತ ತಿಳಿಸಿ, ಸಿಗದಿದ್ದರೆ ಇಲ್ಲಿಂದಲೇ ಫೋನ್ ಮಾಡಿ ನೋಡುತ್ತೇನೆ.

ಇಬ್ಬರಿಗೂ ನಮಸ್ಕಾರ.

ನಿಮ್ಮ ಮಗ,
ಪ್ರಶಾಂತ